ಹದಿಮೂರು ತಿಂಗಳ ಕ್ಯಾಲೆಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಮೂರು ತಿಂಗಳ ಸ್ಥಿರ ಕ್ಯಾಲೆಂಡರ್ ಅಂದರೆ ಏನು?

ವರ್ಷವನ್ನು 28 ದಿನಗಳ 13 ತಿಂಗಳಾಗಿ ಹಂಚುವ ಯೋಜನೆ. ಒಂದೊಂದು ತಿಂಗಳಿಗೂ ಸರಿಯಾಗಿ ನಾಲ್ಕು ವಾರ. ಪ್ರತಿ ತಿಂಗಳೂ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ. 1, 8, 15, 22 ಯಾವಾಗಲೂ ಭಾನುವಾರ. ಹಾಗಾಗಿ ಒಂದೇ ಹಾಳೆಯ ಕ್ಯಾಲೆಂಡರ್ ಸಾಕು, ಅದನ್ನು ಯಾವ ತಿಂಗಳಿಗಾದರೂ ಯಾವ ವರ್ಷಕ್ಕಾದರೂ ನೋಡಬಹುದು. ಜನವರಿಯಿಂದ ಡಿಸೆಂಬರ್‌ವರೆಗಿನ ಹೆಸರುಗಳು ಹಾಗೆಯೇ ಇದ್ದು, ಜೂನ್ ಮತ್ತು ಜುಲೈ ನಡುವೆ ‘ಸೋಲ್’ ಎಂಬ ಹೊಸ ತಿಂಗಳು ಬರುತ್ತದೆ.

13 ತಿಂಗಳಿಗೆ 28ರಂತೆ 364 ದಿನ ಆಯಿತು. ಉಳಿದ ಒಂದು ದಿನವನ್ನು ಡಿಸೆಂಬರ್ 28ರ ನಂತರ ‘ವರ್ಷದಿನ’ ಎಂದು ಇಡುತ್ತಾರೆ. ಅದು ಯಾವ ತಿಂಗಳಿಗೂ ಸೇರದು, ಯಾವ ವಾರಕ್ಕೂ ಸೇರದು. ಅಧಿಕ ವರ್ಷದಲ್ಲಿ ಜೂನ್ 28ರ ನಂತರ ಇಂಥದ್ದೇ ಇನ್ನೊಂದು ದಿನ ಬರುತ್ತದೆ. ವಾರವಿಲ್ಲದ ಈ ದಿನವನ್ನು ನೆನಪಿಟ್ಟುಕೊಳ್ಳಿ. ಇಡೀ ಯೋಜನೆ ನಿಂತಿದ್ದೂ ಅದರ ಮೇಲೆ, ಬಿದ್ದಿದ್ದೂ ಅದರಿಂದಲೇ.

ನಮ್ಮಲ್ಲೂ ಅಧಿಕ ಮಾಸ ಬಂದಾಗ ಹದಿಮೂರು ತಿಂಗಳಾಗುತ್ತದಲ್ಲ, ಇದೂ ಅದೇನಾ?

ಅಲ್ಲ. ಚಾಂದ್ರಮಾನದ ಒಂದು ತಿಂಗಳು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ. ಅಂಥ ಹನ್ನೆರಡು ತಿಂಗಳು ಸೇರಿದರೆ 354 ದಿನವಷ್ಟೇ. ಪ್ರತಿ ವರ್ಷ ಉಳಿಯುವ ಹನ್ನೊಂದು ದಿನದ ವ್ಯತ್ಯಾಸವನ್ನು ಸರಿಮಾಡಲು ಮೂರು ವರ್ಷದೊಳಗೆ ಒಮ್ಮೆ ಅಧಿಕ ಮಾಸ ಬರುತ್ತದೆ. ಅದು ಚಂದ್ರನನ್ನೂ ಸೂರ್ಯನನ್ನೂ ಜೊತೆಯಲ್ಲಿ ಇಟ್ಟುಕೊಳ್ಳುವ ಲೆಕ್ಕ.

28 ದಿನದ ತಿಂಗಳು ಚಂದ್ರನದ್ದು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 27.3 ದಿನ ಬೇಕು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ ಬೇಕು. 28 ಎರಡೂ ಅಲ್ಲ. ಅದು ನಾಲ್ಕು ವಾರ, ಅಷ್ಟೇ. ಈ ಕ್ಯಾಲೆಂಡರ್ ಜೋಡಿಸಿರುವುದು ತಿಂಗಳನ್ನು ವಾರಕ್ಕೆ, ಆಕಾಶಕ್ಕಲ್ಲ.

ಇದು ಯಾರ ಯೋಚನೆ?

ವಾರದ ಲೆಕ್ಕದಿಂದ ಒಂದು ದಿನವನ್ನು ಹೊರಗಿಡುವ ಉಪಾಯವನ್ನು 1834ರಲ್ಲಿ ಇಟಲಿಯ ಪಾದ್ರಿ ಮಾರ್ಕೊ ಮಾಸ್ಟ್ರೊಫಿನಿ ಮುಂದಿಟ್ಟರು. ಫ್ರಾನ್ಸಿನ ತತ್ವಜ್ಞಾನಿ ಆಗಸ್ಟ್ ಕಾಮ್ಟ್ 1849ರಲ್ಲಿ 28 ದಿನಗಳ 13 ತಿಂಗಳ ಕ್ಯಾಲೆಂಡರ್ ರಚಿಸಿ, ತಿಂಗಳುಗಳಿಗೆ ಹೋಮರ್, ಆರ್ಕಿಮಿಡೀಸ್, ಶೇಕ್ಸ್‌ಪಿಯರ್ ಮುಂತಾದವರ ಹೆಸರಿಟ್ಟರು. ಅದು ಓದುಗರ ಸಣ್ಣ ವಲಯ ದಾಟಲಿಲ್ಲ.

ಇದನ್ನು ವ್ಯವಹಾರದ ವಿಷಯವಾಗಿ ಮಾಡಿದವರು ಇಂಗ್ಲೆಂಡಿನ ಮೋಸೆಸ್ ಕಾಟ್ಸ್‌ವರ್ತ್. ಯಾರ್ಕ್ ನಗರದಲ್ಲಿ ನಾರ್ತ್ ಈಸ್ಟರ್ನ್ ರೈಲ್ವೆಯ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಅವರಿಗೆ ಈ ತಿಂಗಳ ಆದಾಯವನ್ನು ಹೋದ ತಿಂಗಳದರ ಜೊತೆ ಹೋಲಿಸುವುದು ನಿತ್ಯದ ಕೆಲಸ. ತಿಂಗಳುಗಳ ಉದ್ದವೇ ಬೇರೆ ಬೇರೆ ಆಗಿರುವಾಗ ಹೋಲಿಕೆಗೆ ಅರ್ಥವಿಲ್ಲ ಎಂದು ಅವರು 1902ರಲ್ಲಿ ತಮ್ಮ ಯೋಜನೆ ಪ್ರಕಟಿಸಿದರು. ಅದಕ್ಕೆ ಹಣ ಮತ್ತು ಬೆಂಬಲ ಸಿಕ್ಕಿದ್ದು ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ಅವರಿಂದ. ಅವರು 1928ರಲ್ಲಿ ತಮ್ಮ ಕಂಪನಿಯ ಒಳಗೇ ಇದನ್ನು ಜಾರಿಗೆ ತಂದರು. ಹೊರಗೆ ಇಡೀ ಅಮೆರಿಕ ಹನ್ನೆರಡು ತಿಂಗಳಲ್ಲಿ ನಡೆಯುತ್ತಿರುವಾಗ ಕೊಡಾಕ್‌ನ ಲೆಕ್ಕ ಹದಿಮೂರು ಅವಧಿಗಳಲ್ಲಿ ನಡೆಯಿತು, ಅದೂ 1989ರವರೆಗೆ.

ತಿಂಗಳು ಒಂದೆರಡು ದಿನ ಹೆಚ್ಚುಕಡಿಮೆ ಆದರೆ ಅಂಥ ತೊಂದರೆ ಏನು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಬೇಕರಿಗೆ ಸಾಮಾನ್ಯ ದಿನ 10,000 ರೂಪಾಯಿ ವ್ಯಾಪಾರ, ಶನಿವಾರ ಭಾನುವಾರ 20,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷವಿಡೀ ಇದರಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ ಎನ್ನೋಣ.

2025ರ ಫೆಬ್ರವರಿಯಲ್ಲಿ 20 ಸಾಮಾನ್ಯ ದಿನ, ಎಂಟು ವಾರಾಂತ್ಯದ ದಿನ. ಒಟ್ಟು 3,60,000 ರೂಪಾಯಿ. ಮಾರ್ಚ್ ಶನಿವಾರ ಶುರುವಾಗಿದ್ದರಿಂದ ಐದು ಶನಿವಾರ, ಐದು ಭಾನುವಾರ ಬಂದವು. 21 ಸಾಮಾನ್ಯ ದಿನ ಸೇರಿ 4,10,000. ಏಪ್ರಿಲ್‌ನಲ್ಲಿ 22 ಸಾಮಾನ್ಯ ದಿನ, ಎಂಟು ವಾರಾಂತ್ಯದ ದಿನ, ಅಂದರೆ 3,80,000. ಪುಸ್ತಕ ನೋಡಿದವರಿಗೆ ಮಾರ್ಚ್‌ನಲ್ಲಿ ವ್ಯಾಪಾರ ಸುಮಾರು ಶೇಕಡ 14ರಷ್ಟು ಏರಿ ಏಪ್ರಿಲ್‌ನಲ್ಲಿ ಶೇಕಡ 7ರಷ್ಟು ಬಿದ್ದಂತೆ ಕಾಣುತ್ತದೆ. ಅಂಗಡಿಯಲ್ಲಿ ನಡೆದದ್ದು ಏನೂ ಇಲ್ಲ.

ಗಮನಿಸಿ, ಇಲ್ಲಿ ಏರಿಳಿತ ತರುವುದು ದಿನಗಳ ಸಂಖ್ಯೆ ಒಂದೇ ಅಲ್ಲ. ತಿಂಗಳಿಗೆ ಎಷ್ಟು ಶನಿವಾರ ಸಿಕ್ಕವು ಎಂಬುದೂ ಅಷ್ಟೇ ಮುಖ್ಯ. ಎಲ್ಲ ತಿಂಗಳಿಗೂ 30 ದಿನ ಕೊಟ್ಟರೂ ಆ ತೊಂದರೆ ಹೋಗದು. ತಿಂಗಳು ಏಳರಿಂದ ಸರಿಯಾಗಿ ಭಾಗವಾದರೆ ಮಾತ್ರ ಹೋಗುತ್ತದೆ. ಕಾಟ್ಸ್‌ವರ್ತ್ 28ನ್ನೇ ಹಿಡಿದದ್ದು ಅದಕ್ಕೆ. ಅವರ ಕ್ಯಾಲೆಂಡರ್‌ನಲ್ಲಿ ಈ ಬೇಕರಿಯ ಹದಿಮೂರು ತಿಂಗಳಿಗೂ 3,60,000 ರೂಪಾಯಿಯೇ ಬರುತ್ತದೆ.

ಅಷ್ಟಕ್ಕೂ ಈಗಿನ ತಿಂಗಳುಗಳು 28, 30, 31 ಎಂದು ಯಾಕಿವೆ?

ಇದು ರೋಮ್‌ನವರ ಬಳುವಳಿ. ಜೂಲಿಯಸ್ ಸೀಸರ್‌ಗಿಂತ ಮೊದಲು ಅವರ ವರ್ಷಕ್ಕೆ 355 ದಿನ. ಸಮ ಸಂಖ್ಯೆ ಅಶುಭ ಎಂಬ ನಂಬಿಕೆ ಇದ್ದುದರಿಂದ ತಿಂಗಳುಗಳಿಗೆ 29 ಅಥವಾ 31 ದಿನ ಕೊಟ್ಟಿದ್ದರು. ಆದರೆ ಹನ್ನೆರಡು ಬೆಸ ಸಂಖ್ಯೆಗಳನ್ನು ಕೂಡಿದರೆ ಬರುವುದು ಸಮ ಸಂಖ್ಯೆಯೇ. ಮೊತ್ತ 355 ಆಗಬೇಕಾದರೆ ಒಂದು ತಿಂಗಳಾದರೂ ಸಮ ಸಂಖ್ಯೆಯದಾಗಲೇಬೇಕು. ಸತ್ತ ಹಿರಿಯರ ಕರ್ಮಗಳು ಮತ್ತು ಶುದ್ಧಿಯ ಆಚರಣೆಗಳು ನಡೆಯುತ್ತಿದ್ದ ಫೆಬ್ರವರಿಗೆ ಆ 28 ಬಂತು. ಮಾರ್ಚ್, ಮೇ, ಜುಲೈ, ಅಕ್ಟೋಬರ್‌ಗೆ 31, ಉಳಿದ ಏಳಕ್ಕೆ 29.

ಕ್ರಿ.ಪೂ. 45ರಿಂದ ಸೀಸರ್ ವರ್ಷವನ್ನು 365 ದಿನಕ್ಕೆ ಏರಿಸಿದಾಗ ಹಳೆಯ ತಿಂಗಳುಗಳನ್ನು ಕಿತ್ತುಹಾಕಿ ಹೊಸದಾಗಿ ಹಂಚಲಿಲ್ಲ. ಹತ್ತು ದಿನವನ್ನು ಅಲ್ಲಲ್ಲಿ ಸೇರಿಸಿದರು. ಜನವರಿ, ಆಗಸ್ಟ್, ಡಿಸೆಂಬರ್‌ಗೆ ಎರಡೆರಡು, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್‌ಗೆ ಒಂದೊಂದು. ಫೆಬ್ರವರಿಯ ಆಚರಣೆಗಳನ್ನು ಮುಟ್ಟಲಿಲ್ಲ. ಮುಷ್ಟಿಯ ಗೆಣ್ಣುಗಳ ಮೇಲೆ ನಾವು ಇವತ್ತಿಗೂ ಎಣಿಸುವ ಕ್ರಮ ಅಲ್ಲಿಂದ ಬಂದದ್ದು.

ಚಕ್ರವರ್ತಿ ಆಗಸ್ಟಸ್ ಫೆಬ್ರವರಿಯಿಂದ ಒಂದು ದಿನ ಕಿತ್ತು ತನ್ನ ತಿಂಗಳಿಗೆ ಸೇರಿಸಿಕೊಂಡ ಅಂತಾರಲ್ಲ?

ಸುಳ್ಳು ಕತೆ. 13ನೇ ಶತಮಾನದ ವಿದ್ವಾಂಸ ಸಾಕ್ರೊಬೊಸ್ಕೊ ಬರೆದದ್ದು ಶಾಲಾ ಪುಸ್ತಕಗಳವರೆಗೂ ಹರಿದು ಬಂದಿದೆ. ಸೀಸರ್‌ನ ಸುಧಾರಣೆಗಿಂತ ಹಿಂದಿನ ಒಂದು ಗೋಡೆ ಕ್ಯಾಲೆಂಡರ್ ಇಟಲಿಯ ಆಂಟಿಯಮ್‌ನಲ್ಲಿ ಸಿಕ್ಕಿದೆ. ಅದರಲ್ಲಿ ಆಗಲೇ ಫೆಬ್ರವರಿಗೆ 28 ದಿನ.

ಇಷ್ಟು ಅನುಕೂಲ ಇದ್ದರೂ ಹದಿಮೂರು ತಿಂಗಳ ಯೋಜನೆ ಯಾಕೆ ಬಿತ್ತು?

ಜನ 13 ಎಂದರೆ ಹೆದರುತ್ತಾರೆ, ಪ್ರತಿ ತಿಂಗಳೂ 13ನೇ ತಾರೀಕು ಶುಕ್ರವಾರ ಬರುತ್ತದೆ ಎಂಬ ಕಾರಣಗಳನ್ನು ಹೇಳುವವರಿದ್ದಾರೆ. ಅವು ಚಿಲ್ಲರೆ. ನಿಜವಾದ ಕಾರಣ ವಾರವಿಲ್ಲದ ಆ ದಿನ.

ಡಿಸೆಂಬರ್ 28 ಶನಿವಾರ. ಮರುದಿನ ವರ್ಷದಿನ, ಅದಕ್ಕೆ ವಾರವಿಲ್ಲ. ಅದರ ಮರುದಿನ ಜನವರಿ 1, ಕ್ಯಾಲೆಂಡರ್ ಪ್ರಕಾರ ಭಾನುವಾರ. ಆದರೆ ಏಳು ದಿನಕ್ಕೊಮ್ಮೆ ತಪ್ಪದೆ ಎಣಿಸಿಕೊಂಡು ಬಂದವರಿಗೆ ವರ್ಷದಿನವೇ ಭಾನುವಾರ, ಜನವರಿ 1 ಸೋಮವಾರ. ಅಂದರೆ ಯೆಹೂದಿಗಳು ಶನಿವಾರ ಆಚರಿಸುವ ವಿಶ್ರಾಂತಿಯ ದಿನ ಸಬ್ಬತ್ ಆ ವರ್ಷವಿಡೀ ಕ್ಯಾಲೆಂಡರ್‌ನ ಶುಕ್ರವಾರ ಬೀಳುತ್ತದೆ. ಮುಂದಿನ ವರ್ಷ ಗುರುವಾರ, ಆಮೇಲೆ ಬುಧವಾರ. ಅಧಿಕ ವರ್ಷ ಬಂದರೆ ಎರಡು ಹೆಜ್ಜೆ ಹಿಂದೆ. ಯೋಜನೆ ಬರುವ ಮೊದಲು ಶನಿವಾರ ರಜೆ ಹೊಂದಿಸಿಕೊಂಡಿದ್ದ ನೌಕರ ಪ್ರತಿ ವರ್ಷ ಬೇರೆ ವಾರಕ್ಕೆ ರಜೆ ಕೇಳಬೇಕು. ಮಕ್ಕಳ ಪರೀಕ್ಷೆ, ಅಂಗಡಿಯ ಬಾಗಿಲು, ಕೋರ್ಟಿನ ದಿನ ಎಲ್ಲವೂ ಹೀಗೇ. ಮುಸ್ಲಿಮರ ಜುಮಾ ನಮಾಜು, ಕ್ರೈಸ್ತರ ಭಾನುವಾರದ ಆರಾಧನೆಗೂ ಇದೇ ಗತಿ. ನಮ್ಮ ಪಂಚಾಂಗದ ಐದು ಅಂಗಗಳಲ್ಲಿ ವಾರವೂ ಒಂದು. ತಿಥಿ ಎರಡು ದಿನ ಹರಡಬಹುದು, ಲೋಪವಾಗಬಹುದು, ಆದರೆ ವಾರವಿಲ್ಲದ ದಿನಕ್ಕೆ ಪಂಚಾಂಗದಲ್ಲಿ ಜಾಗವೇ ಇಲ್ಲ. ಶನಿವಾರ ಒಪ್ಪೊತ್ತು ಮಾಡುವವರು ಯಾವ ಶನಿವಾರ ಹಿಡಿಯಬೇಕು?

1931ರ ಅಕ್ಟೋಬರ್‌ನಲ್ಲಿ, ವಿಶ್ವಸಂಸ್ಥೆಗಿಂತ ಮೊದಲಿದ್ದ ಲೀಗ್ ಆಫ್ ನೇಷನ್ಸ್ ಜಿನೀವಾದ ಸಮ್ಮೇಳನದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಬ್ರಿಟಿಷ್ ಸಾಮ್ರಾಜ್ಯದ ಯೆಹೂದಿಗಳ ಮುಖ್ಯ ಧರ್ಮಗುರು ಜೋಸೆಫ್ ಹರ್ಟ್ಜ್ ವಿರೋಧದ ಮುಂಚೂಣಿಯಲ್ಲಿದ್ದರು. ಕ್ಯಾಲೆಂಡರ್ ಬದಲಿಸಲು ಇದು ಸಕಾಲವಲ್ಲ ಎಂದು ಸಮ್ಮೇಳನ ತೀರ್ಮಾನಿಸಿತು. ಮರುವರ್ಷ ಈಸ್ಟ್‌ಮನ್ ತೀರಿಕೊಂಡರು.

ವಾರ ಎಷ್ಟು ಗಟ್ಟಿ ಎಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿಯಿದೆ. 1582ರಲ್ಲಿ ಪೋಪ್ ಗ್ರೆಗರಿ ಹತ್ತು ದಿನಾಂಕಗಳನ್ನು ಕೈಬಿಟ್ಟಾಗ ಅಕ್ಟೋಬರ್ 4, ಗುರುವಾರದ ಮರುದಿನ ಅಕ್ಟೋಬರ್ 15, ಶುಕ್ರವಾರ ಎಂದಾಯಿತು. ದಿನಾಂಕ ಹಾರಿತು, ವಾರ ಹಾರಲಿಲ್ಲ. ವಾರವನ್ನೇ ಮುಟ್ಟಿದವರು ಸೋತರು. ಫ್ರೆಂಚ್ ಕ್ರಾಂತಿಯ ಹತ್ತು ದಿನದ ವಾರ 1805ರ ಕೊನೆಯವರೆಗೂ ಕಾಗದದ ಮೇಲಾದರೂ ಬಾಳಲಿಲ್ಲ. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನದ ವಾರ ತಂದು, 1931ರಲ್ಲಿ ಆರಕ್ಕೆ ಬದಲಿಸಿ, 1940ರಲ್ಲಿ ಏಳಕ್ಕೆ ಮರಳಿತು.

ನನ್ನ ಪ್ರಕಾರ ಜಿನೀವಾದಲ್ಲಿ ವಿರೋಧಿಸಿದವರ ವಾದವೇ ನ್ಯಾಯದ್ದು. ಲೆಕ್ಕ ಬರೆಯುವವರ ಅನುಕೂಲಕ್ಕಾಗಿ ಕೋಟ್ಯಂತರ ಜನರ ಆಚರಣೆಯ ದಿನವನ್ನು ವರ್ಷವರ್ಷಕ್ಕೂ ಅಲೆಸುವುದು ಸಣ್ಣ ಬೆಲೆಯಲ್ಲ.

ವಾರ ಮುರಿಯದೆ ಮಾಡಲು ಆಗುವುದಿಲ್ಲವೇ?

ಆಗುತ್ತದೆ. ವರ್ಷವನ್ನು 364 ದಿನಕ್ಕೇ ಬಿಟ್ಟು, ಐದಾರು ವರ್ಷಕ್ಕೊಮ್ಮೆ ಒಂದು ಪೂರ್ತಿ ವಾರ ಸೇರಿಸಿದರೆ ಸಾಕು. 400 ವರ್ಷಕ್ಕೆ ಅಂಥ 71 ಅಧಿಕ ವಾರಗಳು ಬೇಕಾಗುತ್ತವೆ. ಧಾರ್ಮಿಕ ಆಕ್ಷೇಪ ಪೂರ್ತಿ ಇಲ್ಲವಾಗುತ್ತದೆ.

ಆದರೆ ಇಲ್ಲಿ ಬೇರೆ ತೊಂದರೆ. ಪ್ರತಿ ವರ್ಷ ಋತುಗಳು ದಿನಾಂಕಕ್ಕಿಂತ ಒಂದೂಕಾಲು ದಿನದಷ್ಟು ಮುಂದಕ್ಕೆ ಸರಿಯುತ್ತ ಹೋಗಿ, ಅಧಿಕ ವಾರ ಬಂದಾಗ ಒಮ್ಮೆಲೇ ಹಿಂದಕ್ಕೆ ಜಿಗಿಯುತ್ತವೆ. ಈಗ ಜನವರಿ 14 ಅಥವಾ 15ರಲ್ಲೇ ಇರುವ ಸಂಕ್ರಾಂತಿ ಒಂದು ವಾರದ ಅಗಲದಲ್ಲಿ ಓಡಾಡುತ್ತದೆ. ಜೊತೆಗೆ 371 ದಿನದ ವರ್ಷದಲ್ಲಿ ಒಂದು ತಿಂಗಳು 35 ದಿನದ್ದಾಗುತ್ತದೆ. ಏರುಪೇರು ಹೋಗಲಿಲ್ಲ, ಐದಾರು ವರ್ಷಕ್ಕೊಮ್ಮೆ ಒಟ್ಟಿಗೆ ಬಂತು.

ಭಾರತ ಈ ಚರ್ಚೆಯಲ್ಲಿ ಇತ್ತೇ?

ಇತ್ತು, ಮುಂದಿನ ಸಾಲಿನಲ್ಲೇ. ಆದರೆ ಹದಿಮೂರು ತಿಂಗಳ ಪರವಾಗಿ ಅಲ್ಲ. ಅಮೆರಿಕದ ಎಲಿಸಬೆತ್ ಅಕೆಲಿಸ್ ಹನ್ನೆರಡು ತಿಂಗಳನ್ನೇ ಉಳಿಸಿಕೊಂಡು, ಪ್ರತಿ ತ್ರೈಮಾಸಿಕಕ್ಕೆ 31, 30, 30 ಎಂದು ಹಂಚುವ ‘ವಿಶ್ವ ಕ್ಯಾಲೆಂಡರ್’ ಪ್ರಚಾರ ಮಾಡುತ್ತಿದ್ದರು. ಭಾರತ ಸರ್ಕಾರ 1953ರಲ್ಲಿ ಅದನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. ಭೌತವಿಜ್ಞಾನಿ ಮೇಘನಾದ ಸಾಹಾ 1954ರಲ್ಲಿ ಜಿನೀವಾಕ್ಕೆ ಹೋಗಿ ವಾದಿಸಿದರು. ಅದರಲ್ಲೂ ವಾರವಿಲ್ಲದ ದಿನವಿತ್ತು. ಧಾರ್ಮಿಕ ಕಾರಣಗಳಿಂದ ತನ್ನ ಬಹಳಷ್ಟು ಪ್ರಜೆಗಳು ಇದನ್ನು ವಿರೋಧಿಸುತ್ತಾರೆ ಎಂದು ಅಮೆರಿಕ 1955ರಲ್ಲಿ ಹೇಳಿತು. 1956ರಲ್ಲಿ ವಿಷಯವನ್ನು ಅನಿರ್ದಿಷ್ಟವಾಗಿ ಮುಂದೂಡಲಾಯಿತು. ಕಾಟ್ಸ್‌ವರ್ತ್‌ರ ಯೋಜನೆ ಎಡವಿದ ಕಲ್ಲಿಗೇ ಇದೂ ಎಡವಿತು.

ಸಾಹಾ ಅಧ್ಯಕ್ಷತೆಯ ಕ್ಯಾಲೆಂಡರ್ ಸುಧಾರಣಾ ಸಮಿತಿಯ ಇನ್ನೊಂದು ಫಲ ಮಾತ್ರ ಉಳಿಯಿತು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ಶಕವರ್ಷದ ರಾಷ್ಟ್ರೀಯ ಕ್ಯಾಲೆಂಡರ್ ಅದು. ಅದರಲ್ಲಿ ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ 31 ದಿನ, ಉಳಿದವಕ್ಕೆ 30. ಅಧಿಕ ವರ್ಷದಲ್ಲಿ ಚೈತ್ರಕ್ಕೂ 31.

ಹೊಸದಾಗಿ ಮಾಡಿದ ಆ ಕ್ಯಾಲೆಂಡರ್‌ನಲ್ಲೂ ತಿಂಗಳುಗಳು ಯಾಕೆ ಸಮ ಇಲ್ಲ?

ಅಲ್ಲಿ ಏರುಪೇರಿಗೆ ಆಕಾಶದ ಕಾರಣವಿದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ವೃತ್ತವಲ್ಲ. ಜನವರಿ ಮೊದಲ ವಾರದ ಹೊತ್ತಿಗೆ ಭೂಮಿ ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಚಲಿಸುತ್ತದೆ, ಜುಲೈ ಮೊದಲ ವಾರದ ಹೊತ್ತಿಗೆ ದೂರವಿದ್ದು ನಿಧಾನವಾಗುತ್ತದೆ. ಆದ್ದರಿಂದ ಸೂರ್ಯ ಧನು ರಾಶಿಯನ್ನು ಸುಮಾರು ಇಪ್ಪತ್ತೊಂಬತ್ತೂವರೆ ದಿನದಲ್ಲಿ ದಾಟಿದರೆ, ಮಿಥುನವನ್ನು ದಾಟಲು ಮೂವತ್ತೊಂದೂವರೆ ದಿನದಷ್ಟು ಬೇಕು. ಸೌರಮಾನ ಅನುಸರಿಸುವ ತುಳುನಾಡಿನ ತಿಂಗಳುಗಳು ಈ ಕಾರಣಕ್ಕೇ 29ರಿಂದ 32 ದಿನಗಳವರೆಗೆ ಬದಲಾಗುತ್ತವೆ. ಕಾರ್ತೆಲ್, ಆಟಿಯಂಥ ಮಳೆಗಾಲದ ತಿಂಗಳುಗಳು ಉದ್ದ, ಚಳಿಗಾಲದವು ಗಿಡ್ಡ.

ರೋಮ್‌ನಿಂದ ಬಂದ ಏರುಪೇರು ಮನುಷ್ಯ ಮಾಡಿದ್ದು. ಇದು ಹಾಗಲ್ಲ. ಎಲ್ಲ ತಿಂಗಳೂ ಸಮ ಇರಬೇಕು ಎನ್ನುವವರು ಸಂಕ್ರಮಣವನ್ನು ತಿಂಗಳ ಆರಂಭವಾಗಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ.

ಹದಿಮೂರು ತಿಂಗಳಾದರೆ ಸಂಬಳ, ಬಾಡಿಗೆ?

ವರ್ಷದ ಮೊತ್ತ ಬದಲಾಗಬೇಕಿಲ್ಲ. ತಿಂಗಳಿಗೆ 39,000 ರೂಪಾಯಿ ಸಂಬಳವಿದ್ದರೆ ವರ್ಷಕ್ಕೆ 4,68,000. ಅದನ್ನು 13ರಿಂದ ಭಾಗಿಸಿದರೆ ತಿಂಗಳಿಗೆ 36,000. ಬಾಡಿಗೆ, ಕಂತು, ಶಾಲಾ ಶುಲ್ಕ ಎಲ್ಲವನ್ನೂ ಹೀಗೆಯೇ ಇಳಿಸಬೇಕು. ಇಳಿಸದೆ ಬಿಟ್ಟರೆ ಏನಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು: ಮೊಬೈಲ್ ರೀಚಾರ್ಜ್. 28 ದಿನದ ಪ್ಲಾನ್ 300 ರೂಪಾಯಿ ಎಂದಾದರೆ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕು. 3,600 ಎಂದುಕೊಂಡದ್ದು 3,900 ಆಗುತ್ತದೆ. 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಒಂದು ಪ್ಲಾನ್ ಮತ್ತು ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸಬಹುದಾದ ಒಂದು ಪ್ಲಾನ್ ಕೊಡಲೇಬೇಕು ಎಂದು ಆದೇಶಿಸಿತು.

ಇನ್ನೊಂದು ತೊಡಕು ತ್ರೈಮಾಸಿಕದ್ದು. 13 ಅವಿಭಾಜ್ಯ ಸಂಖ್ಯೆ. ಅರ್ಧ ವರ್ಷ ಅಂದರೆ ಆರೂವರೆ ತಿಂಗಳು, ಕಾಲು ವರ್ಷ ಅಂದರೆ ಮೂರು ತಿಂಗಳು ಒಂದು ವಾರ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ, ಫಲಿತಾಂಶ ಪ್ರಕಟಿಸುವ ವ್ಯವಸ್ಥೆಗೆ ತಿಂಗಳ ನಡುವೆಯೇ ಲೆಕ್ಕ ಮುಗಿಸಬೇಕಾಗುತ್ತದೆ.

ಹಾಗಾದರೆ ಕಂಪನಿಗಳು ಈಗ ಏರುಪೇರನ್ನು ಹೇಗೆ ನಿಭಾಯಿಸುತ್ತವೆ?

ಕ್ಯಾಲೆಂಡರ್ ಮುಟ್ಟದೆ, ತಮ್ಮ ಪುಸ್ತಕದೊಳಗೇ. ಅಮೆರಿಕದ ಎಷ್ಟೋ ಚಿಲ್ಲರೆ ಮಾರಾಟದ ಕಂಪನಿಗಳು ಪ್ರತಿ ತ್ರೈಮಾಸಿಕದ 13 ವಾರಗಳನ್ನು ನಾಲ್ಕು, ಐದು, ನಾಲ್ಕು ವಾರಗಳಾಗಿ ಹಂಚಿ, ಕೆಲವು ವರ್ಷಕ್ಕೊಮ್ಮೆ 53ನೇ ವಾರ ಸೇರಿಸುತ್ತವೆ. ಈ ವರ್ಷದ ಅವಧಿಯನ್ನು ಹೋದ ವರ್ಷದ ಅದೇ ಅವಧಿಯ ಜೊತೆ ಹೋಲಿಸುವುದರಿಂದ ಬೇಕರಿಯ ಉದಾಹರಣೆಯಲ್ಲಿ ಕಂಡ ಮೋಸ ಬಹುಪಾಲು ತಪ್ಪುತ್ತದೆ. ನಮ್ಮಲ್ಲಿ ಬ್ಯಾಂಕುಗಳು 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಗೆ ದಿನದ ಬಾಕಿಯ ಮೇಲೆ ಬಡ್ಡಿ ಹಾಕುತ್ತಿವೆ. ಲೆಕ್ಕ ದಿನದ್ದಾದ ಮೇಲೆ ತಿಂಗಳು 28 ಆದರೇನು 31 ಆದರೇನು?

ಏರುಪೇರಿನ ತಿಂಗಳು ಇಂದಿಗೂ ಉಳಿದಿರುವುದಕ್ಕೆ ಇದು ದೊಡ್ಡ ಕಾರಣ. ಸಮ ಅವಧಿ ಯಾರಿಗೆ ನಿಜವಾಗಿ ಬೇಕಿತ್ತೋ ಅವರು ಅದನ್ನು ತಮ್ಮಷ್ಟಕ್ಕೆ ಮಾಡಿಕೊಂಡರು. ಕೊಡಾಕ್ ಅರವತ್ತು ವರ್ಷ ಮಾಡಿದ್ದೂ ಅದನ್ನೇ. ಇಡೀ ಲೋಕದ ಕ್ಯಾಲೆಂಡರ್ ಬದಲಿಸಲು ಪಟ್ಟುಹಿಡಿಯುವವರು ಆಮೇಲೆ ಉಳಿಯಲಿಲ್ಲ.

ಹದಿಮೂರು ತಿಂಗಳು ನಿಜವಾಗಿ ಬಳಕೆಯಲ್ಲಿರುವ ದೇಶ ಇದೆಯೇ?

ಇದೆ, ಇಥಿಯೋಪಿಯ. ಅಲ್ಲಿ 30 ದಿನಗಳ 12 ತಿಂಗಳ ನಂತರ ಐದು ಅಥವಾ ಆರು ದಿನಗಳ ಹದಿಮೂರನೇ ತಿಂಗಳು ‘ಪಾಗುಮೆ’ ಬರುತ್ತದೆ. ಆ ದಿನಗಳಿಗೂ ವಾರವಿದೆ.

ನನ್ನ ಹುಟ್ಟಿದ ದಿನ ಈ ಕ್ಯಾಲೆಂಡರ್‌ನಲ್ಲಿ ಯಾವ ತಾರೀಕು?

ಮೊದಲು ಅದು ವರ್ಷದ ಎಷ್ಟನೇ ದಿನ ಎಂದು ಎಣಿಸಿ, ಅದನ್ನು 28ರಿಂದ ಭಾಗಿಸಿ. ಭಾಗಲಬ್ಧ ಮುಗಿದ ತಿಂಗಳುಗಳನ್ನು ಹೇಳುತ್ತದೆ, ಶೇಷ ತಾರೀಕನ್ನು ಹೇಳುತ್ತದೆ. ಶೇಷ ಸೊನ್ನೆಯಾದರೆ ಆಗಷ್ಟೇ ಮುಗಿದ ತಿಂಗಳ 28.

ನವೆಂಬರ್ 1ನ್ನು ನೋಡೋಣ. ಅದು ಸಾಮಾನ್ಯ ವರ್ಷದ 305ನೇ ದಿನ. 28ರಿಂದ ಭಾಗಿಸಿದರೆ 10, ಶೇಷ 25. ಅಂದರೆ ಹನ್ನೊಂದನೇ ತಿಂಗಳ 25. ಸೋಲ್ ಏಳನೆಯದಾದ್ದರಿಂದ ಹನ್ನೊಂದನೆಯದು ಅಕ್ಟೋಬರ್. ಕನ್ನಡ ರಾಜ್ಯೋತ್ಸವ ಅಕ್ಟೋಬರ್ 25ಕ್ಕೆ, ಪ್ರತಿ ವರ್ಷವೂ ಬುಧವಾರ. ಇದೇ ರೀತಿ ಆಗಸ್ಟ್ 15, ಅಂದರೆ 227ನೇ ದಿನ, ಆಗಸ್ಟ್ 3, ಮಂಗಳವಾರ ಆಗುತ್ತದೆ.

ಅಧಿಕ ವರ್ಷದಲ್ಲಿ ಎಚ್ಚರ ಬೇಕು. ಈಗಿನ ಜೂನ್ 17 ಆ ವರ್ಷದ 169ನೇ ದಿನ, ಅದೇ ವಾರವಿಲ್ಲದ ಅಧಿಕ ದಿನ. ಅದರ ನಂತರದ ದಿನಗಳಿಗೆ ಒಂದನ್ನು ಕಳೆದು ಭಾಗಿಸಬೇಕು, ಆಗ ಉತ್ತರ ಸಾಮಾನ್ಯ ವರ್ಷದ್ದೇ ಬರುತ್ತದೆ. ಫೆಬ್ರವರಿ 29ರಿಂದ ಜೂನ್ 16ರವರೆಗಿನ ದಿನಗಳಿಗೆ ಏನನ್ನೂ ಕಳೆಯಬಾರದು; ಅವು ಸಾಮಾನ್ಯ ವರ್ಷಕ್ಕಿಂತ ಒಂದು ತಾರೀಕು ಮುಂದಿರುತ್ತವೆ. ಫೆಬ್ರವರಿ 29ರಂದು ಹುಟ್ಟಿದವರಿಗೆ ಮಾರ್ಚ್ 4 ಸಿಗುತ್ತದೆ, ಅದು ಎಲ್ಲ ವರ್ಷವೂ ಬರುತ್ತದೆ. ಡಿಸೆಂಬರ್ 31ರಂದು ಹುಟ್ಟಿದವರಿಗೆ, ಅಧಿಕ ವರ್ಷದ ಜೂನ್ 17ರಂದು ಹುಟ್ಟಿದವರಂತೆಯೇ, ತಿಂಗಳೂ ಇಲ್ಲ, ವಾರವೂ ಇಲ್ಲ. ಅವರದು ವರ್ಷದಿನ.